ಜಂಬ ಅನ್ನಿಸದ ಹಾಗೆ ಸೆಲ್ಫ್ ಅಪ್ರೈಸಲ್ ಬರೆದದ್ದು: ನನ್ನ ಅನುಭವ

ಈ ಸಲ ನನಗೆ ಬಂದ ಹೈಕ್ ಶೇ. 14. ಹಿಂದಿನ ವರ್ಷ 6, ಅದಕ್ಕೂ ಹಿಂದೆ 5 ಬಂದಿತ್ತು. ನನ್ನ ಸಂಬಳ ಸುಮಾರು 6 ಲಕ್ಷ. 6ಕ್ಕೂ 14ಕ್ಕೂ ವರ್ಷಕ್ಕೆ 48,000 ರೂಪಾಯಿ ವ್ಯತ್ಯಾಸ, ತಿಂಗಳಿಗೆ 4,000. ಮೂರು ವರ್ಷವೂ ನಾನು ಮಾಡಿದ ಕೆಲಸ ಹೆಚ್ಚುಕಮ್ಮಿ ಒಂದೇ. ಬದಲಾದದ್ದು ಅದನ್ನು ಬರೆದ ರೀತಿ. ರೇಟಿಂಗ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ನನ್ನ ಫಾರಂನ ಮೊದಲ ನಾಲ್ಕು ಸಾಲನ್ನು ಹಾಗೇ ಓದಿದರಂತೆ. ಒಬ್ಬರೂ ಮರುಪ್ರಶ್ನೆ ಹಾಕಲಿಲ್ಲವಂತೆ. ಹೊಗಳಿಕೆ ಬಿಟ್ಟು, ಯಾರು ಏನು ಮಾಡಿದ್ದು ಅಂತ ಬಿಡಿಸಿ ಬರೆದರೆ ಪ್ರಯೋಜನ ಇಲ್ಲ ಅಂತ ನಮ್ಮ ಟೀಮಿನಲ್ಲಿ ಮೂರು ಜನ ಹೇಳಿದ್ದರು, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಮಂಡ್ಯ ಹತ್ತಿರದ ಹಳ್ಳಿಯವಳು, ಸಾಫ್ಟ್‌ವೇರ್ ಟೆಸ್ಟರ್, ಆಫೀಸು ಮೈಸೂರಿನ ಹೆಬ್ಬಾಳದಲ್ಲಿ. "ನಾನು ಮಾಡಿದೆ, ನಾನು ಮಾಡಿದೆ ಅಂತ ಕೊಚ್ಕೋಬಾರದು" ಅನ್ನುವುದನ್ನು ಕೇಳಿಕೊಂಡೇ ಬೆಳೆದೆ. ಹಾಗಾಗಿ ಮೊದಲ ವರ್ಷ ಇಡೀ ಫಾರಂನಲ್ಲಿ ಬರೆದದ್ದು "ನಾವು". ನಾವು ರಿಗ್ರೆಷನ್ ಮುಗಿಸಿದೆವು, ನಾವು ರಿಲೀಸ್‌ಗೆ ನೆರವಾದೆವು. ಓದಿದವರಿಗೆ ನಾನು ಆ ವರ್ಷ ಆಫೀಸಿಗೆ ಬಂದಿದ್ದೆನೋ ಇಲ್ಲವೋ ಅಂತಲೂ ಗೊತ್ತಾಗುತ್ತಿರಲಿಲ್ಲ. ಶೇ. 5 ಬಂತು.

ಎರಡನೇ ವರ್ಷ ಸೀನಿಯರ್ ಒಬ್ಬರು "ನಂಬರ್ ಹಾಕು, ನಂಬರ್ ಮಾತಾಡುತ್ತೆ" ಅಂದರು. ಹಾಕಿದೆ. "400ಕ್ಕೂ ಹೆಚ್ಚು ಡಿಫೆಕ್ಟ್" ಅಂತ ಮೊದಲ ಸಾಲು. ಆ ವರ್ಷ ನನಗೆ ಬಿದ್ದ ಪೆಟ್ಟು ಇನ್ನೂ ನೆನಪಿದೆ. ಮ್ಯಾನೇಜರ್ ಮೇಲಿನವರು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಡೂಪ್ಲಿಕೇಟ್ ಎಷ್ಟು, ನಾಟ್ ಎ ಬಗ್ ಎಷ್ಟು?" ತೆಗೆದು ನೋಡಿದರೆ 90ರ ಹತ್ತಿರ ಇತ್ತು. ಒಂದೇ ಸ್ಕ್ರೀನಿನ ಐದು ಲೇಬಲ್ ತಪ್ಪಿಗೆ ಐದು ಟಿಕೆಟ್ ಹಾಕಿದ್ದೂ ಕಣ್ಣಿಗೆ ಬಿತ್ತು. ಡೆವಲಪರ್‌ಗಳಿಗೆ ಬೇಸರ ಆಯಿತು, ಯಾಕೆಂದರೆ ನನ್ನ 400 ಅಂದರೆ ಅವರ 400 ತಪ್ಪು. ಜಂಬ ಅನ್ನಿಸಿಕೊಳ್ಳಬಾರದು ಅಂತ ಹೆದರಿದವಳು ಅದನ್ನೇ ಅನ್ನಿಸಿಕೊಂಡೆ. ಶೇ. 6.

ಮೂರನೇ ವರ್ಷ ನಾನು ಹಿಡಿದ ದಾರಿ ಇಷ್ಟೇ. ಟೆಸ್ಟರ್ ಮಾಡುವ ಕೆಲಸಕ್ಕೆ ಮೂರು ಬೇರೆ ಬೇರೆ ಕ್ರಿಯಾಪದ ಇವೆ: ಹಿಡಿದೆ, ಸರಿಪಡಿಸಿದೆ, ಮತ್ತೆ ಪರೀಕ್ಷಿಸಿ ಮುಚ್ಚಿದೆ. ಮೂರನ್ನೂ ಕಲಸಿ "ಫಿಕ್ಸ್ ಮಾಡಿದೆ" ಅಂದಾಗಲೇ ಕೊಚ್ಚಿಕೊಂಡ ಹಾಗೆ ಕೇಳುತ್ತದೆ, ಯಾಕೆಂದರೆ ಅದರಲ್ಲಿ ಬೇರೆಯವರ ಕೆಲಸವೂ ಸೇರಿಹೋಗಿರುತ್ತದೆ. ಬಿಡಿಸಿ ಬರೆದರೆ "ನಾನು" ಅನ್ನಲು ಸಂಕೋಚವೇ ಆಗಲಿಲ್ಲ.

ಬಿಡಿಸುವುದಕ್ಕೆ ಮೊದಲು ಲೆಕ್ಕ ಬೇಕು. ಹಿಡಿದದ್ದಕ್ಕೆ, ನಾವು ಬಗ್ ಟಿಕೆಟ್ ಹಾಕುವ ಜಿರಾದಲ್ಲಿ ಈ ಸಾಲು ಸಾಕು:

```
issuetype = Bug AND reporter = currentUser()
AND created >= "2024-04-01" AND created < "2025-04-01"
```

ಕೊನೆಯಲ್ಲಿ `<= "2025-03-31"` ಅಂತ ಹಾಕಬೇಡಿ. ಬರೀ ತಾರೀಕು ಕೊಟ್ಟರೆ ಜಿರಾ ಅದನ್ನು ಆ ದಿನದ ಮಧ್ಯರಾತ್ರಿ 00:00 ಅಂತ ತೆಗೆದುಕೊಳ್ಳುತ್ತದೆ, 31ರಂದು ಇಡೀ ದಿನ ಹಾಕಿದ್ದು ಬಿಟ್ಟುಹೋಗುತ್ತದೆ. ನಮ್ಮ ಕಡೆ ರಿಲೀಸ್ ಆ ದಿನವೇ ಇತ್ತು, ನನ್ನ 9 ಟಿಕೆಟ್ ಮಾಯವಾಗಿದ್ದವು.

ನಾನೇ ಸರಿಪಡಿಸಿದ್ದನ್ನು ಎಣಿಸುವಾಗ ಮೊದಲು ದಾರಿ ತಪ್ಪಿದೆ. `assignee WAS currentUser()` ಹಾಕಿದರೆ 190 ಚಿಲ್ಲರೆ ಬಂತು. ಒಂದು ಗಳಿಗೆ ಖುಷಿಯೂ ಆಯಿತು. ಆಮೇಲೆ ಹೊಳೆಯಿತು, ಡೆವಲಪರ್ ಸರಿಮಾಡಿದ ಮೇಲೆ ಟಿಕೆಟ್ ಮರುಪರೀಕ್ಷೆಗೆ ನನ್ನ ಹೆಸರಿಗೇ ಬರುತ್ತದೆ ಅಲ್ವಾ? ಆ 190ರಲ್ಲಿ ಬಹುಪಾಲು ಅದೇ. ಜಿರಾ ಬಿಟ್ಟು ಗಿಟ್‌ನಲ್ಲಿ ನನ್ನ ಹೆಸರಿನ ಕಮಿಟ್ ಎಣಿಸಿದೆ. 31 ಸಿಕ್ಕಿತು. ರಿಪೋರ್ಟಿನ ಕ್ವೆರಿ, ಕಾನ್ಫಿಗ್ ಫೈಲು, ಕನ್ನಡ ಲೇಬಲ್ಲು, ಇಂಥವು. 190ರ ಪಕ್ಕ 31 ಸಣ್ಣದು. ಆದರೆ ಯಾರು ಬಂದು ಕೇಳಿದರೂ ಒಂದೊಂದನ್ನೂ ತೆಗೆದು ತೋರಿಸಬಹುದಾದ 31.

ಎಲ್ಲ 31 ಬರೆಯಲು ಜಾಗವಿಲ್ಲ. ನಮ್ಮ ಫಾರಂನ ಡಬ್ಬಿ ಸುಮಾರು 2,000 ಅಕ್ಷರಕ್ಕೆ ಮುಗಿಯುತ್ತದೆ. ನಾಲ್ಕೇ ಟಿಕೆಟ್ ಆರಿಸಿದೆ. ಆ ನಾಲ್ಕನ್ನು ಹೇಗೆ ಆರಿಸಿದೆ, ಯಾವ ಕ್ರಮದಲ್ಲಿ ಇಟ್ಟೆ ಅನ್ನುವುದನ್ನು ನಾನು ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಮೊದಲನೆಯದನ್ನು ಮಾತ್ರ ಪೂರ್ತಿ ಹೇಳುತ್ತೇನೆ.

ನಮ್ಮದು ಹಾಲು ಸಂಗ್ರಹಣೆಯ ಆ್ಯಪ್. ಬೆಳಿಗ್ಗೆ ರೈತರು ಹಾಲು ಹಾಕಿದ ಕೂಡಲೇ ಲೀಟರು, ಫ್ಯಾಟು ನಮೂದಾಗುತ್ತದೆ, 15 ದಿನಕ್ಕೊಮ್ಮೆ ಬಟವಾಡೆ. ಆಫೀಸಿನಲ್ಲಿ ನಾವೆಲ್ಲ ಟೆಸ್ಟ್ ಮಾಡುವುದು ಬೆಳಿಗ್ಗೆ 10ರ ಮೇಲೆ. ಎಲ್ಲವೂ ಪಾಸ್. ಒಂದು ದಿನ ಮನೆಯಲ್ಲಿ ಅವ್ವ ಕತ್ತಲಲ್ಲೇ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದನ್ನು ನೋಡಿದೆ. ಗಂಟೆ 5 ಆಗಿತ್ತು. ಇಷ್ಟೊತ್ತಿಗೆ ಹಾಕಿದ ಹಾಲನ್ನು ನಾವು ಯಾರೂ ಪರೀಕ್ಷಿಸಿಯೇ ಇಲ್ಲವಲ್ಲ ಅನ್ನಿಸಿತು. ಲ್ಯಾಪ್‌ಟಾಪ್ ತೆಗೆದು ಟೆಸ್ಟ್ ಸರ್ವರ್‌ನಲ್ಲಿ 5:10ಕ್ಕೆ ಒಂದು ನಮೂದು ಹಾಕಿದೆ. ರಿಪೋರ್ಟಿನಲ್ಲಿ ಅದು ನಿನ್ನೆಯ ತಾರೀಕಿಗೆ ಹೋಗಿ ಕೂತಿತ್ತು. ಹಾಗೇ ಕಾದು 5:29ಕ್ಕೆ ಇನ್ನೊಂದು ಹಾಕಿದೆ, ಅದೂ ನಿನ್ನೆ. 5:31ಕ್ಕೆ ಹಾಕಿದ್ದು ಇವತ್ತು.

ಗಡಿ ಸರಿಯಾಗಿ ಐದೂವರೆಗೆ ಬಂದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ ಇಡುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 5:10 ಅಂದರೆ ಅಲ್ಲಿ ಹಿಂದಿನ ದಿನ ರಾತ್ರಿ 11:40. ಕ್ವೆರಿ ಅದರಿಂದ ಬರೀ ತಾರೀಕು ಕತ್ತರಿಸಿಕೊಳ್ಳುತ್ತಿತ್ತು. ಬರೀ ತಾರೀಕು ತಪ್ಪಿದ್ದರೆ ದೊಡ್ಡ ಮಾತಲ್ಲ. ಆದರೆ ಬಟವಾಡೆಯ ಲೆಕ್ಕ 15ನೇ ತಾರೀಕು ರಾತ್ರಿಗೆ ಮುಚ್ಚುತ್ತದೆ. 16ರ ಬೆಳಿಗ್ಗೆ 5:10ರ ಹಾಲು 15ಕ್ಕೆ ಹೋದರೆ, ಮುಚ್ಚಿದ ಲೆಕ್ಕಕ್ಕೆ ಸೇರಿ ಯಾವ ಬಿಲ್ಲಿಗೂ ಬರುವುದಿಲ್ಲ. ಆ ಹೊತ್ತಿನ ಹಾಲಿನ ದುಡ್ಡು ರೈತನಿಗೆ ಸಿಗುವುದೇ ಇಲ್ಲ.

ರಿಲೀಸ್‌ಗೆ ಮೂರು ದಿನ ಇತ್ತು, ಡೆವಲಪರ್ ಊರಿಗೆ ಹೋಗಿದ್ದರು. ರಿಪೋರ್ಟಿನ ಕ್ವೆರಿಯನ್ನು ನಾನೇ ಬದಲಿಸಿದೆ:

```
DATE(CONVERT_TZ(created_at, '+00:00', '+05:30'))
```

ಅವರು ರಾತ್ರಿ ಫೋನಿನಲ್ಲೇ ನೋಡಿ ಒಪ್ಪಿದರು. ಲೆಕ್ಕ ಮುಚ್ಚುವ ಜಾಬ್‌ನಲ್ಲೂ ಅದೇ ತಪ್ಪಿತ್ತು, ಅದನ್ನು ಅವರು ಬಂದು ಸರಿಮಾಡಿದರು.

ಇದನ್ನು ಫಾರಂನಲ್ಲಿ ಮೊದಲ ಸಲ ಬರೆದದ್ದು ಹೀಗೆ: "ಅತ್ಯಂತ ಗಂಭೀರವಾದ ಟೈಮ್‌ಝೋನ್ ದೋಷವನ್ನು ನನ್ನ ಸೂಕ್ಷ್ಮ ದೃಷ್ಟಿಯಿಂದ ಪತ್ತೆಹಚ್ಚಿ ಯಶಸ್ವಿಯಾಗಿ ಪರಿಹರಿಸಿದೆ." ಓದಿದರೆ ನನಗೇ ಮುಜುಗರ. ಯಾಕೆ ಅಂತ ಒಂದೊಂದೇ ಪದ ಅಳಿಸಿ ನೋಡಿದೆ. "ನಾನು" ಅನ್ನುವುದರಿಂದ ಮುಜುಗರ ಆಗುತ್ತಿರಲಿಲ್ಲ. ಅತ್ಯಂತ, ಸೂಕ್ಷ್ಮ, ಯಶಸ್ವಿಯಾಗಿ, ಈ ಮೂರರಿಂದ ಆಗುತ್ತಿತ್ತು. ಅವು ನನ್ನ ಕೆಲಸಕ್ಕೆ ನಾನೇ ಕೊಟ್ಟ ಮಾರ್ಕ್ಸು. ಮಾರ್ಕ್ಸ್ ಹಾಕುವುದು ಓದುವವರ ಕೆಲಸ. ಅವನ್ನು ಕಿತ್ತು ಆ ಜಾಗದಲ್ಲಿ ನಡೆದದ್ದನ್ನು ತುಂಬಿದೆ. ಕೊನೆಗೆ ಕೊಟ್ಟದ್ದು ಇದು, ಫಾರಂ ಇಂಗ್ಲಿಷಿನದು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ:

"ಬೆಳಿಗ್ಗೆ 5:30ಕ್ಕೆ ಮೊದಲು ಹಾಕಿದ ಹಾಲು ಹಿಂದಿನ ದಿನಕ್ಕೆ ಸೇರುತ್ತಿತ್ತು. ಬಟವಾಡೆಯ ಮೊದಲ ದಿನ ಹೀಗಾದರೆ ಆ ಹಾಲು ಬಿಲ್ಲಿಗೆ ಬರುವುದಿಲ್ಲ. ರಿಲೀಸ್‌ಗೆ ಮೂರು ದಿನ ಮುಂಚೆ ಇದನ್ನು ಹಿಡಿದೆ. ರಿಪೋರ್ಟಿನ ಕ್ವೆರಿ ನಾನು ಸರಿಪಡಿಸಿದೆ, ಲೆಕ್ಕ ಮುಚ್ಚುವ ಜಾಬ್ ಡೆವಲಪರ್ ಸರಿಪಡಿಸಿದರು. ಪೈಲಟ್‌ನ 400 ರೈತರಲ್ಲಿ ಸುಮಾರು 130 ಜನ ಈ ಹೊತ್ತಿಗೆ ಹಾಲು ಹಾಕುತ್ತಾರೆ. ತಲಾ 190 ರೂಪಾಯಿಯಂತೆ ಪ್ರತಿ ಬಟವಾಡೆಗೆ ಸುಮಾರು 25,000 ತಪ್ಪಿಹೋಗುತ್ತಿತ್ತು."

ಇಲ್ಲಿ ಒಂದೂ ಹೊಗಳಿಕೆ ಇಲ್ಲ. ಆದರೆ ನಾನು ಬರೆದ ಸಾಲುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ, ಅದನ್ನು ಹೇಳಲು ನನಗೆ ಈಗ ಸಂಕೋಚ ಇಲ್ಲ. 25,000ದ ಲೆಕ್ಕ ಹೇಗೆ ಬಂತು ಅನ್ನುವುದನ್ನೂ ಸಾಲಿನಲ್ಲೇ ಇಟ್ಟಿರುವುದನ್ನು ಗಮನಿಸಿ. ಬರೀ ಮೊತ್ತ ಕೊಟ್ಟಿದ್ದರೆ ಊಹೆ ಅನ್ನುತ್ತಿದ್ದರು.

ಟೀಮ್ ಲೀಡ್ ಮೇಡಂ ಓದಿ, "ಡೆವಲಪರ್ ಹೆಸರು ಯಾಕೆ ತರ್ತೀಯಾ, ನಿನ್ನ ಪಾಲು ಕಮ್ಮಿ ಆಗಲ್ವಾ?" ಅಂದರು. ನಾನು ಬಿಡಲಿಲ್ಲ. ಫಾರಂ ಕೊಡುವ ಮೊದಲು ಆ ಡೆವಲಪರ್‌ಗೂ ತೋರಿಸಿದೆ. ಅವರು ಒಂದು ಟಿಕೆಟ್ ತಿದ್ದಿಸಿದರು, "ಇದರ ಮೂಲ ಕಾರಣ ಹುಡುಕಿದ್ದು ನಾನು ಕಣಮ್ಮ" ಅಂದರು. ಹೌದು, ಮರೆತಿದ್ದೆ. ಬದಲಿಸಿದೆ. ಆಮೇಲೆ ಮ್ಯಾನೇಜರ್ ವಿಚಾರಿಸಿದಾಗ ಅವರೇ ನನ್ನ ಸಾಲು ಸರಿ ಅಂದರು. ಪಾಲು ಹಂಚಿದ್ದರಿಂದ ನನಗೆ ಸಾಕ್ಷಿ ಸಿಕ್ಕಿತು.

ನನ್ನ ಕಣ್ಣು ತಪ್ಪಿಸಿ ಪ್ರೊಡಕ್ಷನ್‌ಗೆ ಹೋದ ಒಂದು ಬಗ್ ಬಗ್ಗೆಯೂ ಎರಡು ಸಾಲು ಬರೆದೆ. ಫ್ಯಾಟ್ ಖಾಲಿ ಬಿಟ್ಟರೆ ದರ ಸೊನ್ನೆ ಆಗುತ್ತಿತ್ತು. ಆಮೇಲೆ ಖಾಲಿ ಡಬ್ಬಿಗಳಿಗೆ ಬೇರೆ ಟೆಸ್ಟ್ ಕೇಸ್ ಸೇರಿಸಿದೆ ಅಂತ ಹೇಳಿದೆ. ಎರಡಕ್ಕಿಂತ ಜಾಸ್ತಿ ಬರೆದರೆ ಓದುವವರಿಗೆ ಅದೊಂದೇ ನೆನಪಿರುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. "ನಾನು" ಇದ್ದ ಕಡೆ ಗೆಳತಿಯ ಹೆಸರು ಹಾಕಿ ಓದಿದೆ. ಅವಳ ಬಗ್ಗೆ ಇದನ್ನು ಹೇಳಿದರೆ ಜಾಸ್ತಿ ಆಯಿತು ಅನ್ನಿಸಿದ ಸಾಲು ತೆಗೆದೆ, ಅಂಥವು ಎರಡೇ ಸಿಕ್ಕವು. ಇದು ಚೆನ್ನಾಗಿ ಕೆಲಸ ಮಾಡಿತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದ್ದು ಪ್ರಯೋಜನಕ್ಕೆ ಬರಲಿಲ್ಲ, ನನ್ನ ದನಿ ಕೇಳಿದರೆ ಎಲ್ಲ ಸಾಲೂ ಜಂಬವೇ ಅನ್ನಿಸಿತು. ಎಕ್ಸೆಲ್ ಚಾರ್ಟ್ ಒಂದನ್ನು ಮಾಡಿ ಎರಡು ಸಂಜೆ ಕಳೆದೆ. ಯಾರೂ ತೆರೆದು ನೋಡಲಿಲ್ಲ.

ಹೋದ ವಾರ ರೈಲಿನಲ್ಲಿ ಜೊತೆಗೆ ಬರುವ ಹುಡುಗ ತನ್ನ ಫಾರಂ ತೋರಿಸಿದ. ಅವನೂ ಟೆಸ್ಟರ್, ಮೊದಲ ವರ್ಷ. ಆರು ಸಾಲು, ಆರರಲ್ಲೂ "ನಾವು". "ಅಕ್ಕ, ನಾನು ಅಂತ ಹಾಕೋಕೆ ಒಂಥರಾ ಆಗುತ್ತೆ" ಅಂದ. ಹಿಡಿದದ್ದು ಯಾರು, ಸರಿಪಡಿಸಿದ್ದು ಯಾರು, ಹಾಗೇ ಬಿಟ್ಟಿದ್ದರೆ ಯಾರಿಗೆ ಏನಾಗುತ್ತಿತ್ತು, ಇಷ್ಟನ್ನೇ ಕೇಳಿ ಅವನಿಂದಲೇ ಬರೆಸಿದೆ. ಪಾಂಡವಪುರದಲ್ಲಿ ಶುರು ಮಾಡಿದ್ದು, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಒಂದು ಟಿಕೆಟ್ ಮುಗಿಯಿತು. ಇನ್ನೆರಡು ಮಾರನೇ ದಿನ ಬರೆದ.