ಮುಟ್ಟಿನ ಡೈರಿ: ಡಾಕ್ಟರ್ ಕೊನೆಗೂ ಓದಿದ ಒಂದು ಹಾಳೆ

ಡೈರಿ ಬರೆಯೋಕೆ ಕೂತಾಗೆಲ್ಲಾ ನಮ್ಮ ಅತ್ತಿಗೆ ಒಂದೇ ಮಾತು ಹೇಳುತ್ತಿದ್ದರು. "ಬರ್ಕೊಂಡು ಏನ್ ಮಾಡ್ತಿಯವ್ವಾ? ಗರ್ಭಕೋಶ ತೆಗೆಸಿಬಿಡು, ಕಾಟ ತಪ್ತೈತಿ." ಒಬ್ಬ ಡಾಕ್ಟರ್ ಕೂಡ ಅದನ್ನೇ ಹೇಳಿದ್ದರು. ನನಗೆ ಆಗ 41. ಎರಡು ವರ್ಷದಿಂದ ಜಾಸ್ತಿ ಬ್ಲೀಡಿಂಗ್, ಹಿಮೋಗ್ಲೋಬಿನ್ 8ರ ಹತ್ತಿರ. ಈಗ ಗರ್ಭಕೋಶ ನನ್ನ ಹತ್ತಿರವೇ ಇದೆ, ಬ್ಲೀಡಿಂಗ್ ಹತೋಟಿಗೆ ಬಂದಿದೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು ನನ್ನ ನೋಟ್‌ಬುಕ್ಕಿನ ಒಂದು ಹಾಳೆ.

ಡೇಟ್ ಬರೆದಿಡುವ ಅಭ್ಯಾಸ ನಿಮಗೆಲ್ಲಾ ಇದ್ದೇ ಇರುತ್ತೆ. ನಾನೂ ಮೊದಲು ಅಷ್ಟೇ ಮಾಡಿದ್ದೆ, ಫೋನಿನ ಆ್ಯಪ್‌ನಲ್ಲಿ. ಅಲ್ಲೇ ಎಡವಿದ್ದು. ನನಗೆ ತಿಂಗಳ ಮಧ್ಯೆ ಎರಡು ಮೂರು ದಿನ ಕಲೆ ಕಾಣುತ್ತಿತ್ತು. ಅದನ್ನೂ ಡೇಟ್ ಅಂತಲೇ ಒತ್ತುತ್ತಿದ್ದೆ. ಆ್ಯಪ್ ಒಮ್ಮೆ 15 ದಿನಕ್ಕೆ ಆಯ್ತು, ಒಮ್ಮೆ 13 ದಿನಕ್ಕೆ ಆಯ್ತು ಅಂತ ತೋರಿಸಿತು. ಫೋನ್ ನೋಡಿದ ಡಾಕ್ಟರ್ "ಏರುಪೇರು ಇದೆ" ಅಂತ ಹಾರ್ಮೋನ್ ಮಾತ್ರೆ ಬರೆದರು. ಮೂರು ತಿಂಗಳು ನುಂಗಿದೆ. ಮಾತ್ರೆ ನಿಲ್ಲಿಸಿದ ಮೇಲೆ ಬರುವ ಬ್ಲೀಡಿಂಗ್ ನಮ್ಮ ಸ್ವಂತ ಮುಟ್ಟಲ್ಲ, ಮಾತ್ರೆ ಬಿಟ್ಟದ್ದಕ್ಕೆ ಬಂದದ್ದು. ಅದನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದೆ. ಆ ಮೂರು ತಿಂಗಳ ಲೆಕ್ಕ ಯಾವುದಕ್ಕೂ ಬರಲಿಲ್ಲ.

ಆಮೇಲೆ ನೋಟ್‌ಬುಕ್ ತೆಗೆದುಕೊಂಡೆ. ಈ ಸಲ ಅತಿಯಾಗಿ ಬರೆದೆ. ಏನು ತಿಂದೆ, ಯಾರ ಮೇಲೆ ಸಿಟ್ಟು ಬಂತು, ನಿದ್ದೆ ಎಷ್ಟು, ಎಲ್ಲಾ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದಾಗ ಎರಡು ಪುಟ ತಿರುವಿ ಪಕ್ಕಕ್ಕಿಟ್ಟರು. ಬೇಜಾರಾಯಿತು. ಹೊರಗೆ ಎಷ್ಟೊಂದು ಜನ ಕೂತಿದ್ದರು, ಅವರಿಗೂ ಸಮಯ ಎಲ್ಲಿ ಅಲ್ವಾ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯೋಳು. ನಮ್ಮ ಅಳತೆ ಪುಸ್ತಕದಲ್ಲಿ ಒಬ್ಬರಿಗೆ ಒಂದೇ ಪುಟ. ಎದೆ, ಸೊಂಟ, ತೋಳು, ಅಷ್ಟೇ. ಕತ್ತರಿ ಹಿಡಿದಾಗ ಬೇಕಾದದ್ದು ಒಂದೇ ನೋಟಕ್ಕೆ ಸಿಗಬೇಕು. ಡೈರಿಯನ್ನೂ ಹಾಗೇ ಮಾಡಿದೆ. ಅಡ್ಡಕ್ಕೆ 1ರಿಂದ 35 ದಿನ, ಒಂದು ಮುಟ್ಟಿನಿಂದ ಮುಂದಿನ ಮುಟ್ಟಿನವರೆಗೆ ಒಂದು ಸಾಲು. ಮೂರು ತಿಂಗಳು ಕೆಳಗೆ ಕೆಳಗೆ, ಒಂದೇ ಹಾಳೆಯಲ್ಲಿ.

ಚೆನ್ನಾಗಿ ಕೆಂಪಗೆ ಹೋಗೋಕೆ ಶುರುವಾದ ದಿನವೇ 1ನೇ ದಿನ. ಅದಕ್ಕೆ ಮುಂಚೆ ಕಂಡ ಕಂದು ಕಲೆಗೆ ಬರೀ ಚುಕ್ಕಿ. ಮಧ್ಯದ ಕಲೆಗೂ ಚುಕ್ಕಿ. ಇದೊಂದು ಬದಲಾದದ್ದಕ್ಕೆ ಇಡೀ ಕಥೆ ಬದಲಾಯಿತು. ಮಾರ್ಚ್ 4ಕ್ಕೆ ಆಯಿತು, ಆಮೇಲೆ ಏಪ್ರಿಲ್ 1ಕ್ಕೆ, ಆಮೇಲೆ ಏಪ್ರಿಲ್ 29ಕ್ಕೆ. ಸರಿಯಾಗಿ 28, 28. ಚುಕ್ಕಿಗಳು ಮಾರ್ಚ್‌ನಲ್ಲಿ 16ರಿಂದ 18ನೇ ದಿನ, ಮುಂದಿನ ಸಲ 15ರಿಂದ 17. ಅಂದ್ರೆ ನನ್ನ ಡೇಟ್ ಏರುಪೇರಾಗಿರಲೇ ಇಲ್ಲ. ಡೇಟ್ ಸರಿ ಇತ್ತು, ಮಧ್ಯೆ ಬೇರೆ ಎಲ್ಲಿಂದಲೋ ರಕ್ತ ಬರುತ್ತಿತ್ತು. ಡಾಕ್ಟರಿಗೆ ಇವೆರಡೂ ಬೇರೆ ಬೇರೆ ವಿಷಯ.

ಎರಡನೆಯದು ಎಷ್ಟು ಹೋಗುತ್ತೆ ಅನ್ನೋದು. "ಜಾಸ್ತಿ" ಅಂದರೆ ಯಾರಿಗೂ ಏನೂ ತಿಳಿಯಲ್ಲ. ಪ್ಯಾಡಿಗೆ ಅಂಕ ಹಾಕುವ ಒಂದು ಲೆಕ್ಕ ಇದೆ: ಸ್ವಲ್ಪ ತಾಗಿದ್ದರೆ 1, ಅರ್ಧದಷ್ಟು ನೆಂದಿದ್ದರೆ 5, ಪೂರ್ತಿ ನೆಂದಿದ್ದರೆ 20. ಹೆಪ್ಪುಗಟ್ಟಿದ ರಕ್ತದ ಸಣ್ಣ ಗಡ್ಡೆಗೆ 1, ದೊಡ್ಡದಕ್ಕೆ 5. ಒಂದು ಮುಟ್ಟಿನ ಒಟ್ಟು 100 ದಾಟಿದರೆ ಜಾಸ್ತಿ ಅಂತ ಲೆಕ್ಕ. ಏಪ್ರಿಲ್‌ನಲ್ಲಿ ನನ್ನ ಎರಡನೇ ದಿನ ಪೂರ್ತಿ ನೆಂದವು ಆರು, ಅರ್ಧದವು ಮೂರು, ದೊಡ್ಡ ಗಡ್ಡೆ ಎರಡು. ಆ ಒಂದೇ ದಿನಕ್ಕೆ 145. ಇಡೀ ಸಲಕ್ಕೆ 270ರ ಆಸುಪಾಸು.

ಇಲ್ಲೂ ಒಂದು ಸಲ ಮೋಸ ಹೋದೆ. ಮೇ ತಿಂಗಳಲ್ಲಿ ಅಂಕ ಸಡನ್ನಾಗಿ ಇಳಿಯಿತು. ವಾಸಿಯಾಯ್ತು ಅಂತ ಖುಷಿಪಟ್ಟೆ. ನೋಡಿದರೆ ಆ ತಿಂಗಳು ರಾತ್ರಿ ಹಾಕುವ ದೊಡ್ಡ ಪ್ಯಾಡನ್ನೇ ಹಗಲೂ ಹಾಕಿದ್ದೆ. ಅದು ಜಾಸ್ತಿ ಹಿಡಿಯುತ್ತೆ, ಸಂಖ್ಯೆ ಕಡಿಮೆಯಾಗುತ್ತೆ. ಅದೂ ಅಲ್ಲದೆ ಎರಡು ದಿನ ರಕ್ತ ಕಡಿಮೆ ಮಾಡೋ ಟ್ರಾನೆಕ್ಸಾಮಿಕ್ ಮಾತ್ರೆ ನುಂಗಿದ್ದು ಬರೆದೇ ಇರಲಿಲ್ಲ. ಅವತ್ತಿಂದ ಸಾಲಿನ ಕೊನೆಯಲ್ಲಿ ಪ್ಯಾಡಿನ ಸೈಜು, ಮಾತ್ರೆ ನುಂಗಿದ ದಿನಕ್ಕೆ ಕೆಳಗೆ ಒಂದು ಗೆರೆ. ನೋವಿನ ಮಾತ್ರೆಗೂ ಅಷ್ಟೇ.

ನಡುವೆ ಒಂದು ಪ್ರಯೋಗ. ಅಡುಗೆಮನೆಯ ತಕ್ಕಡಿಯ ತರಹದ್ದೇ ಒಂದು ಸಣ್ಣ ಡಿಜಿಟಲ್ ತಕ್ಕಡಿ ಬೇರೆಯಾಗಿ ತಂದೆ, ಸುಮಾರು 350 ರೂಪಾಯಿ. ಹೊಸ ಪ್ಯಾಡ್ ತೂಗಿ, ಬಳಸಿದ್ದನ್ನು ಕವರಲ್ಲಿಟ್ಟು ತೂಗಿ ಕಳೆದರೆ, ಒಂದು ಗ್ರಾಂ ಅಂದಾಜು ಒಂದು ಎಂಎಲ್. ಎರಡು ದಿನ ಮಾಡಿದೆ. ಅಂಕದ ಲೆಕ್ಕ ಜಾಸ್ತಿ ಅಂದ ದಿನವೇ ತಕ್ಕಡಿಯೂ ಜಾಸ್ತಿ ಅಂದಿತು, ಅಷ್ಟು ಧೈರ್ಯ ಸಾಕಾಯಿತು. ದಿನಾ ಮಾಡುವ ಕೆಲಸ ಅಲ್ಲ ಅದು.

ನಾಚಿಕೆಯಿಂದ ಬಿಟ್ಟಿದ್ದ ಒಂದು ಕಾಲಂ ಇತ್ತು. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತಾ ಅಂತ ಡಾಕ್ಟರ್ ಕೇಳೇ ಕೇಳುತ್ತಾರೆ, ಗರ್ಭಕೋಶದ ಬಾಯಿಯ ಸಮಸ್ಯೆ ಹಾಗೆ ಗೊತ್ತಾಗುತ್ತೆ. ಅದಕ್ಕೆ ಒಂದು ಗುರುತು ಮಾಡಿಕೊಂಡೆ. ಮನೆಯಲ್ಲಿ ಯಾರು ಹಾಳೆ ನೋಡಿದರೂ ತಿಳಿಯದ ಗುರುತು. ಅದೇನು ಅಂತ ಇಲ್ಲಿ ಹೇಳಲ್ಲ, ನಿಮ್ಮದು ನೀವೇ ಮಾಡಿಕೊಳ್ಳಿ.

ಜೂನ್‌ನಲ್ಲಿ ವಿದ್ಯಾನಗರದ ಕಡೆ ಹೊಸ ಡಾಕ್ಟರ್ ಹತ್ತಿರ ಹೋದೆ. ಹಾಳೆ ಮುಂದಿಟ್ಟೆ. ಒಂದು ನಿಮಿಷ ಸುಮ್ನೆ ನೋಡಿದರು. ಆಮೇಲೆ ನನ್ನ ಹಳೇ ಸ್ಕ್ಯಾನ್ ರಿಪೋರ್ಟ್ ತೆಗೆದರು. ಹೋದ ಡಿಸೆಂಬರಿನದು ಒಂದು, ಮಾರ್ಚ್ 26ರದು ಒಂದು, ಎರಡಕ್ಕೂ ಸೇರಿ 2,300 ಕೊಟ್ಟಿದ್ದೆ. ಎರಡರಲ್ಲೂ ಗರ್ಭಕೋಶದ "ಒಳಪದರ ದಪ್ಪ" ಅಂತ ಬರೆದಿತ್ತು, ಗರ್ಭಕೋಶ ತೆಗೆಸಿ ಅಂದದ್ದೂ ಅದರ ಮೇಲೆಯೇ. ಇವರು ಮಾರ್ಚ್ ಸಾಲಿನ ಮೇಲೆ ಪೆನ್ನು ಓಡಿಸಿ, 23ರಲ್ಲಿ ನಿಲ್ಲಿಸಿದರು. "ನೋಡೀಮ್ಮಾ, ಸ್ಕ್ಯಾನ್ ಆಗಿರೋದು 23ನೇ ದಿನ. ಆಗ ಒಳಪದರ ಎಲ್ಲರಿಗೂ ದಪ್ಪ ಇರುತ್ತೆ. ಅದರೊಳಗೆ ಸಣ್ಣದೇನಾದ್ರೂ ಇದ್ರೆ ಮುಚ್ಚಿಹೋಗುತ್ತೆ. ಬ್ಲೀಡಿಂಗ್ ನಿಂತ ಕೂಡಲೇ, 10ನೇ ದಿನದೊಳಗೆ ಬನ್ನಿ."

8ನೇ ದಿನ ಹೋದೆ. ಒಳಗಿನಿಂದ ಮಾಡುವ ಸ್ಕ್ಯಾನ್. ಪದರ ತೆಳ್ಳಗಿತ್ತು, ಅದರಲ್ಲಿ ಸುಮಾರು 12 ಮಿ.ಮೀ.ನ ಪಾಲಿಪ್, ಅಂದ್ರೆ ಒಳಪದರದಿಂದಲೇ ಬೆಳೆದ ಸಣ್ಣ ಮಾಂಸದ ಗಂಟು, ಎದ್ದು ಕಾಣಿಸಿತು. ಹಿಸ್ಟರೋಸ್ಕೋಪಿ ಮಾಡಿ, ಅಂದ್ರೆ ಹೊಟ್ಟೆ ಕೊಯ್ಯದೆ ಗರ್ಭಕೋಶದ ಬಾಯಿಯಿಂದ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ತೆಗೆದರು, ಸಂಜೆಗೆ ಮನೆಗೆ ಬಂದೆ. ಎಲ್ಲಾ ಸೇರಿ 30,000 ಚಿಲ್ಲರೆ. ಗರ್ಭಕೋಶ ತೆಗೆಯೋಕೆ ಮೊದಲಿನವರು ಹೇಳಿದ್ದು ಇದರ ಎರಡರಷ್ಟಕ್ಕಿಂತ ಮೇಲೆ. ತೆಗೆದ ತುಂಡನ್ನು ಬಯಾಪ್ಸಿಗೆ ಕಳಿಸಿದರು, ಕೆಟ್ಟದ್ದೇನೂ ಇಲ್ಲ ಅಂತ ಬಂತು. ಆ ರಿಪೋರ್ಟ್ ಬರೋವರೆಗೆ ನಾನು ಒಂದು ಬ್ಲೌಸನ್ನೂ ಕತ್ತರಿಸಲಿಲ್ಲ.

ಡೈರಿಯಿಂದ ಪಾಲಿಪ್ ಗೊತ್ತಾಗಲ್ಲ. ಯಾವ ದಿನ ನೋಡಬೇಕು ಅನ್ನೋದು ಗೊತ್ತಾಗುತ್ತೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆ ಹಾಗೇ ಹೋದರೆ, ಅಥವಾ ತಲೆ ಸುತ್ತಿದರೆ, ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು ವರ್ಷ ಆದ ಮೇಲೆ ಒಂದು ಚುಕ್ಕಿ ಕಂಡರೂ ಮುಂದಿನ ತಿಂಗಳು ನೋಡೋಣ ಅನ್ನಬೇಡಿ.

ಆಪರೇಷನ್ ಆದ ಮೇಲೂ ಸಾಲು ಹಾಕುತ್ತಿದ್ದೇನೆ. ಮೊದಲ ಸಲ 110, ಆಮೇಲೆ 80ರ ಹತ್ತಿರ. ಮಧ್ಯದ ಚುಕ್ಕಿ ನಾಲ್ಕು ಸಾಲಿನಲ್ಲಿ ಒಂದೂ ಇಲ್ಲ. ಹಿಮೋಗ್ಲೋಬಿನ್ 11 ದಾಟಿದೆ. ಹೋದ ವಾರ ಅತ್ತಿಗೆ ಬಂದಿದ್ದರು, ತಮ್ಮ ಮಗಳಿಗೂ ಒಂದು ಹಾಳೆ ಗೆರೆ ಹೊಡೆದು ಕೊಡು ಅಂದರು. ಅಳತೆ ಪುಸ್ತಕದಿಂದಲೇ ಒಂದು ಹಾಳೆ ಹರಿದು, ಸ್ಕೇಲ್ ಇಟ್ಟು, 35 ಮನೆ ಹಾಕಿ ಕೊಟ್ಟೆ.