√2 + √3: ಸಮೀಕರಣ ಹುಡುಕದೆಯೇ ಇದೆ ಎಂದು ತೋರಿಸುವುದು ಹೇಗೆ?

√2 ಒಂದು ಬೀಜಗಣಿತೀಯ ಸಂಖ್ಯೆ. ಯಾಕೆಂದರೆ ಅದು x² − 2 = 0 ಸಮೀಕರಣದ ಮೂಲ. ಸಹಗುಣಕಗಳೆಲ್ಲ ಭಾಗಲಬ್ಧ ಸಂಖ್ಯೆಗಳಾಗಿರುವ ಇಂಥದೊಂದು ಸಮೀಕರಣ ಸಿಕ್ಕರೆ ಸಾಕು. ಸಹಗುಣಕಗಳೆಲ್ಲ ಸೊನ್ನೆ ಆಗಿರಬಾರದು, ಅಷ್ಟೇ.

ಹಾಗಾದರೆ √2 + √3? ಎರಡು ಸಲ ವರ್ಗ ಮಾಡಿದರೆ ಕರಣಿಗಳು ಹೋಗುತ್ತವೆ, ಹೈಸ್ಕೂಲಿನಲ್ಲಿ ಮಾಡಿದ್ದೇ. ಆದರೆ x⁵ − x − 1 = 0 ದ ಮೂಲ α ತಗೊಳ್ಳಿ. ಅದನ್ನು ಕರಣಿಗಳಲ್ಲಿ ಬರೆಯುವುದಕ್ಕೇ ಆಗುವುದಿಲ್ಲ. ಇನ್ನು α + √2 ಅನ್ನು ವರ್ಗ ಮಾಡುತ್ತಾ ಕೂತರೆ ಏನು ಕಳೆಯುತ್ತದೆ?

ಅದಕ್ಕೇ ದಾರಿ ಬದಲಿಸೋಣ. ಮೊದಲು √2 + √3 ಮೇಲೇ ನೋಡೋಣ.

ಮೊದಲ ಹೆಜ್ಜೆ, ಒಂದು ಡಬ್ಬಿ. ಅದರಲ್ಲಿ ನಾಲ್ಕು ಖಾನೆ: 1, √2, √3, √6. ಪ್ರತಿ ಖಾನೆಯಿಂದ ಭಾಗಲಬ್ಧ ಅಳತೆಯಲ್ಲಿ ಎತ್ತಿಕೊಂಡು ಕೂಡಿಸಿದರೆ ಬರುವ ಸಂಖ್ಯೆಗಳೆಲ್ಲ ಡಬ್ಬಿಯವು. ಗಣಿತದವರು ಇದಕ್ಕೆ ಆಯಾಮ ಹೆಚ್ಚೆಂದರೆ 4 ಅನ್ನುತ್ತಾರೆ.

ಎರಡನೆಯದು ಪರೀಕ್ಷೆ, ಜೀವಾಳ ಇರುವುದೇ ಇಲ್ಲಿ. ಡಬ್ಬಿಯ ಯಾವ ಸಂಖ್ಯೆಯನ್ನು √2 ರಿಂದ ಗುಣಿಸಿದರೂ ಉತ್ತರ ಹೊರಗೆ ಬೀಳಬಾರದು. ಖಾನೆಗಳನ್ನಷ್ಟೇ ನೋಡಿದರೆ ಸಾಕು: √2 × √2 = 2, √2 × √3 = √6, √2 × √6 = 2√3. ಎಲ್ಲವೂ ಒಳಗೇ. √3 ರದ್ದೂ ಹಾಗೇ. √6 ಖಾನೆ ಮರೆತಿದ್ದರೆ √2 × √3 ಹೊರಗೆ ಬೀಳುತ್ತಿತ್ತು, ವಾದ ಅಲ್ಲಿಗೇ ನಿಲ್ಲುತ್ತಿತ್ತು.

ಎರಡರಿಂದಲೂ ಗುಣಿಸಬಹುದಾದರೆ ಅವುಗಳ ಮೊತ್ತದಿಂದಲೂ ಗುಣಲಬ್ಧದಿಂದಲೂ ಗುಣಿಸಬಹುದು, ಅಲ್ವಾ? ಮೊತ್ತವನ್ನು γ ಅನ್ನೋಣ. 1 ಒಳಗಿದೆ. ಹಾಗಾಗಿ γ, γ², γ³, γ⁴ ಕೂಡ ಒಳಗೇ. ಒಟ್ಟು ಐದು ಸಂಖ್ಯೆ, ಇರುವುದು ನಾಲ್ಕೇ ಖಾನೆ. ಐದೂ ಒಂದರ ಹಂಗಿಲ್ಲದೆ ಇನ್ನೊಂದು ಇರಲು ಜಾಗವಿಲ್ಲ. ಎಲ್ಲವೂ ಒಟ್ಟಿಗೇ ಸೊನ್ನೆ ಆಗಿರದ ಭಾಗಲಬ್ಧ ಸಹಗುಣಕಗಳಿಂದ ಅವನ್ನು ಗುಣಿಸಿ, ಕೂಡಿಸಿ 0 ತರಲೇಬಹುದು. ಅದೇ ನಮಗೆ ಬೇಕಾದ ಸಮೀಕರಣ!

ನಂಬಿಕೆಗೆ ಲೆಕ್ಕ ಹಾಕೋಣ. γ² = 5 + 2√6, γ⁴ = 49 + 20√6. √6 ತೊಲಗಿಸಲು γ² ರ ಹತ್ತು ಪಟ್ಟು ಕಳೆಯಿರಿ: 49 − 50 = −1. ಅಂದರೆ γ⁴ − 10γ² + 1 = 0. γ³ ಬೇಕಾಗಲೇ ಇಲ್ಲ.

ಈಗ α ಕಡೆ ಬನ್ನಿ. ಖಾನೆಗಳು 1, α, α², α³, α⁴, ಮತ್ತು ಈ ಐದನ್ನೂ √2 ರಿಂದ ಗುಣಿಸಿದವು, ಒಟ್ಟು 10. α⁴ ಅನ್ನು α ದಿಂದ ಗುಣಿಸಿದರೆ α⁵ ಬರುತ್ತದೆ. ಗಾಬರಿ ಬೇಡ, α⁵ = α + 1, ಮತ್ತೆ ಡಬ್ಬಿಯೊಳಗೇ. ಹಾಗಾಗಿ α + √2 ಕ್ಕೂ √2·α ಕ್ಕೂ ಘಾತ 10 ಮೀರದ ಸಮೀಕರಣ ಇದ್ದೇ ಇದೆ. ಯಾವುದೇ ಎರಡು ಬೀಜಗಣಿತೀಯ ಸಂಖ್ಯೆಗೂ ಇದೇ ಕ್ರಮ: ಅವುಗಳ ಸಮೀಕರಣಗಳ ಘಾತ m, n ಆದರೆ ಖಾನೆಗಳು mn.

ಒಂದು ಎಚ್ಚರಿಕೆ: mn ಬರೀ ಮೇಲಿನ ಮಿತಿ. √2, √8 ತಗೊಂಡರೆ ಖಾನೆಗಳು 1, √2, √8, 4. ಆದರೆ √8 ಅಂದರೆ 2√2. ನಿಜವಾಗಿ ಬೇಕಿದ್ದದ್ದು ಎರಡೇ ಖಾನೆ. ವಾದಕ್ಕೇನೂ ಧಕ್ಕೆಯಿಲ್ಲ, ಮೊತ್ತ 3√2 ರ ಸಮೀಕರಣ ಮಾತ್ರ x² − 18 = 0 ಕ್ಕೇ ಮುಗಿಯುತ್ತದೆ.