ಶಿಫಾರಸು ಪತ್ರ ಕೋರಿದ ಇಮೇಲ್‌ಗೆ ಉತ್ತರ ಬಾರದಿದ್ದಾಗ ನಾನು ಬದಲಿಸಿದ್ದು

ಅಮೆರಿಕದ ಮೂರು ವಿಶ್ವವಿದ್ಯಾಲಯಗಳ ಎಂ.ಎಸ್. ಪ್ರವೇಶಕ್ಕಾಗಿ ಪ್ರಾಧ್ಯಾಪಕರೊಬ್ಬರಲ್ಲಿ ಶಿಫಾರಸು ಪತ್ರ ಕೋರಿ ಬರೆದ ಎರಡು ಇಮೇಲ್‌ಗಳಿಗೂ ಐದು ವಾರ ಉತ್ತರ ಬರಲಿಲ್ಲ. ನಾಲ್ಕು ಪುಟಗಳ ರೆಸ್ಯೂಮೆ ಲಗತ್ತಿಸಿದ್ದೂ ವಾಟ್ಸಾಪ್‌ನಲ್ಲಿ ನೆನಪಿಸಿದ್ದೂ ಫಲ ಕೊಡಲಿಲ್ಲ. ಒಪ್ಪಿಗೆಗೆ ಮೊದಲೇ ಅವರ ಹೆಸರನ್ನು ಅರ್ಜಿಯ ಪೋರ್ಟಲ್‌ನಲ್ಲಿ ನಮೂದಿಸಿದ್ದಂತೂ ಶುದ್ಧ ತಪ್ಪು. ಪತ್ರ ಸಲ್ಲಿಸಲೆಂದು ಪೋರ್ಟಲ್ ತಾನಾಗಿ ಕಳುಹಿಸಿದ ಲಿಂಕ್ ಅವರ ಸ್ಪ್ಯಾಮ್ ಸೇರಿತ್ತು.

ಮೂರನೆಯ ಇಮೇಲ್‌ನ ವಿಷಯದ ಸಾಲು ಹೀಗಿತ್ತು: “ಶಿಫಾರಸು ಪತ್ರದ ಕೋರಿಕೆ: 3 ವಿ.ವಿ.ಗಳು, ಮೊದಲ ಗಡುವು ಡಿಸೆಂಬರ್ 1”. ಅವರಲ್ಲಿ ಯಾವ ವರ್ಷ, ಯಾವ ವಿಷಯ ಕಲಿತೆನೆಂದು ಮೊದಲು ತಿಳಿಸಿ, ಗಡುವುಗಳನ್ನು ದಿನಾಂಕದ ಕ್ರಮದಲ್ಲಿ ಭಾರತೀಯ ಕಾಲಮಾನಕ್ಕೆ ಬದಲಿಸಿ ಕೊಟ್ಟೆ. ನ್ಯೂಯಾರ್ಕ್‌ನ ಡಿಸೆಂಬರ್ 15ರ ರಾತ್ರಿ 11:59 ಎಂದರೆ ನಮಗೆ 16ರ ಬೆಳಿಗ್ಗೆ 10:29. ಅಂಕಗಳು ಅಂಕಪಟ್ಟಿಯಲ್ಲೇ ಇರುವುದರಿಂದ, ಸಾಧನೆಗಳಲ್ಲಿ ಅವರೇ ಕಣ್ಣಾರೆ ಕಂಡ ಮೂರನ್ನಷ್ಟೇ ಉಳಿಸಿದೆ. ಒಂದು ಹೀಗಿತ್ತು: “ತಮ್ಮ ಪ್ರಯೋಗಾಲಯದಲ್ಲಿ ಪಂಪಿನ ಹರಿವಿನ ಅಳತೆ ಪದೇ ಪದೇ ತಪ್ಪುತ್ತಿದ್ದಾಗ, ಸೋರುತ್ತಿದ್ದ ವಾಲ್ವ್ ಕಾರಣವೆಂದು ಪತ್ತೆಹಚ್ಚಿದ್ದೆ.” ಕೊನೆಯಲ್ಲಿ, ಬರೆಯಲು ಸಾಧ್ಯವೇ ಎಂಬ ಒಂದೇ ಪ್ರಶ್ನೆ.

ಮರುದಿನ ಒಪ್ಪಿಗೆ ಬಂದಿತು. ಆನಂತರವೇ ಪೋರ್ಟಲ್‌ನಲ್ಲಿ ಅವರ ಕಾಲೇಜಿನ ಇಮೇಲ್ ವಿಳಾಸ ನಮೂದಿಸಿ, ಪತ್ರ ನೋಡುವ ನನ್ನ ಹಕ್ಕನ್ನು ಬಿಟ್ಟುಕೊಡುವ ಆಯ್ಕೆಯನ್ನು ಗುರುತಿಸಿ, ಲಿಂಕ್ ಕಳುಹಿಸಿದ ದಿನವೇ ಸ್ಪ್ಯಾಮ್ ನೋಡುವಂತೆ ಅವರಿಗೆ ತಿಳಿಸಿದೆ.